ನಾನೂರ ಅರವತ್ತೈದು ಆಚೆ, ನಾನೂರ ಅರವತ್ತೈದು ಈಚೆ

ರೇಡಿಯೋದಲ್ಲಿ ಎರಡು ದನಿ ಒಟ್ಟಿಗೆ ಬಂದರೆ ಇವತ್ತಿಗೂ ನನಗೆ ಕೂತು ಕೇಳಲು ಆಗುವುದಿಲ್ಲ. ಮನೆಯವರು ನಗುತ್ತಾರೆ. ಇಷ್ಟು ವರ್ಷ ಇದೇ ಕಸುಬು ಮಾಡಿದವರು, ಒಂದು ಸ್ಟೇಷನ್ನಿನ ಮೇಲೆ ಇನ್ನೊಂದು ಹತ್ತಿ ಕೂತರೆ ಎದ್ದು ಹೋಗಿ ಆರಿಸಿಬಿಡುತ್ತೀರಲ್ಲ ಎನ್ನುತ್ತಾರೆ. ನಗಲಿ. ಅವರು ಆ ಒಂಬತ್ತು ದಿನ ನನ್ನ ಜೊತೆ ಇರಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೊಸೂರಿನ ಪೇಟೆಬೀದಿಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಅರ್ಧ ಭಾಗದಲ್ಲಿ ನಾನು ರೇಡಿಯೋ ರಿಪೇರಿ ಇಟ್ಟುಕೊಂಡಿದ್ದೆ. ಬೆಂಗಳೂರು ದಂಡಿನಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ಕಿನ ಹತ್ತಿರ ಮೂರು ವರ್ಷ ಕೆಲಸ ಕಲಿತು ಬಂದಿದ್ದೆ. ಸುತ್ತಮುತ್ತ ನನ್ನ ಬಿಟ್ಟರೆ ಇನ್ನೊಬ್ಬ ಇರಲಿಲ್ಲ, ಹಾಗಾಗಿ ತಲೆ ಸ್ವಲ್ಪ ತಿರುಗಿತ್ತು. ಬಾಯಿಗೂ ಹಿಡಿತವಿರಲಿಲ್ಲ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ಬರೀ ಡೆಲ್ಲಿಯವರು ಹೇಳಿದ್ದೇ ನಿಜವಾ, ಆ ಕಡೆಯವರು ಏನು ಹೇಳುತ್ತಾರೆ ಅನ್ನುವುದನ್ನೂ ಜನ ಕೇಳಬೇಕು ಎಂದು ಜಂಬದಿಂದ ಆಡುತ್ತಿದ್ದೆ. ಭಾವ ಕೇಳಿಸಿಕೊಳ್ಳುತ್ತಾ ಅನ್ನ ಕಲಸುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೂಳಗಿರಿಯಲ್ಲಿ ಮೇಷ್ಟ್ರು. ಶಾಲೆಯ ಪಕ್ಕದ ವಾಚನಾಲಯದಲ್ಲಿ ಒಂದು ಬ್ಯಾಟರಿ ರೇಡಿಯೋ ಇತ್ತು, ಅದರ ಲೈಸೆನ್ಸು ಭಾವನ ಹೆಸರಿನಲ್ಲಿತ್ತು. ಸಂಜೆ ಡೆಲ್ಲಿಯಿಂದ ತಮಿಳಿನಲ್ಲಿ ವಾರ್ತೆ ಬರುತ್ತಿತ್ತು. ಕೇಳಲು ಬಂದವರಲ್ಲಿ ಅರ್ಧ ಜನಕ್ಕೆ ಆ ಪುಸ್ತಕದ ತಮಿಳು ತಲೆಗೆ ಹತ್ತುತ್ತಿರಲಿಲ್ಲ. ಭಾವ ರೇಡಿಯೋದ ಪಕ್ಕ ನಿಂತು, ಒಂದೊಂದು ವಾಕ್ಯ ಮುಗಿದ ಹಾಗೆಲ್ಲ ಅದನ್ನು ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಗಟ್ಟಿಯಾಗಿ ಹೇಳುತ್ತಿದ್ದರು. ಉದ್ದನಪಲ್ಲಿ ಕಡೆಯಿಂದ ಸಂತೆಗೆ ಬಂದವರು ಗಾಡಿ ಬಿಚ್ಚಿ ಅದನ್ನು ಕೇಳಿಕೊಂಡೇ ಹೋಗುತ್ತಿದ್ದರು. ಭಾವನಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಕಿವಿಗೆ ಬಿದ್ದದ್ದು ತಲೆಗೆ ಹೋಗದೆ ನೇರವಾಗಿ ಬಾಯಿಗೆ ಬರುತ್ತದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಆ ರೇಡಿಯೋ ಕೆಟ್ಟು ನನ್ನ ಅಂಗಡಿಗೆ ಬಂತು. ಶಾರ್ಟ್ ವೇವಿನಲ್ಲಿ ಸ್ಟೇಷನ್ನುಗಳು ನಿಲ್ಲುತ್ತಿರಲಿಲ್ಲ. ನೋಡಿದರೆ ಆಸಿಲೇಟರಿನ ಟ್ರಿಮ್ಮರ್, ಅಂದರೆ ತಿರುಪು ಬಿಗಿದು ಸಡಿಲಿಸುವ ಪುಟ್ಟ ಕಂಡೆನ್ಸರ್, ಅದರೊಳಗಿನ ಅಭ್ರಕದ ಹಾಳೆ ಒಡೆದಿತ್ತು. ಯುದ್ಧದಲ್ಲಿ ಹೊಸದು ಎಲ್ಲಿಂದ ಬರಬೇಕು? ಒಂದು ಸತ್ತ ಸೆಟ್ಟಿನಿಂದ ಕಿತ್ತು ಹಾಕಿದೆ. ಹಾಕಿದ ಮೇಲೆ ಅದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು. ಅದಕ್ಕೆ ಸಿಗ್ನಲ್ ಜನರೇಟರ್ ಎಂಬ ಯಂತ್ರ ಬೇಕು, ಅದು ಆಗ ಮಿಲಿಟರಿಯವರ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಇರಲಿಲ್ಲ. ನಾನು ಕಿವಿಯನ್ನೇ ನಂಬಿದೆ. ಬೆಳಗಿನ ಹೊತ್ತು ಡಯಲಿನ ಮೇಲ್ತುದಿಯಲ್ಲಿ ಗೊತ್ತಿರುವ ಒಂದು ಸ್ಟೇಷನ್ನಿನ ಜಾಗಕ್ಕೆ, ಗಡಿಯಾರದ ಮುಳ್ಳಿನ ಹಾಗೆ ಓಡಾಡುವ ಕಡ್ಡಿಯನ್ನು ಇಟ್ಟು, ಬಿದಿರನ್ನು ಚೂಪು ಮಾಡಿಕೊಂಡ ಸಲಾಕೆಯಿಂದ ತಿರುಪನ್ನು ಪೂರ್ತಿ ಬಿಗಿಯಿಂದ ಸಡಿಲ ಮಾಡುತ್ತಾ ಬಂದೆ. ಸ್ಟೇಷನ್ನು ಜೋರಾಗಿ ಬಂತು. ಅಲ್ಲೇ ನಿಲ್ಲಿಸಿ, ಏರಿಯಲಿನ ತಿರುಪನ್ನೂ ಅದಕ್ಕೆ ಹೊಂದಿಸಿ, ಎರಡರ ಮೇಲೂ ಒಂದೊಂದು ತೊಟ್ಟು ಕೆಂಪು ಅರಗು ಬಿಟ್ಟು ಮುದ್ರೆ ಹಾಕಿದೆ. ಅರ್ಧ ಗಂಟೆಯ ಕೆಲಸ. ಬಹಳ ಹೆಮ್ಮೆಪಟ್ಟೆ.

ಹದಿನೈದು ದಿನದ ಮೇಲೆ, ಸಂತೆಯ ಮಾರನೆಯ ಬೆಳಿಗ್ಗೆ, ಅಕ್ಕ ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊಸೂರಿಗೆ ಬಂದಳು. ತಲೆ ಬಾಚಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನು ಹೇಳಿದಳು. ಹಿಂದಿನ ಸಂಜೆ ವಾಚನಾಲಯ ತುಂಬಿತ್ತು. ವಾರ್ತೆ ಶುರುವಾಯಿತು. ನಡುವೆ ಡೆಲ್ಲಿಯ ದನಿ ಎಂದಿನಂತೆ ಸ್ವಲ್ಪ ಸೊರಗಿತು, ಮತ್ತೆ ಏರಿತು. ಏರಿ ಬಂದದ್ದು ಡೆಲ್ಲಿಯದಾಗಿರಲಿಲ್ಲ. ಅದೂ ತಮಿಳೇ, ಅದೂ ಗಂಡಸಿನ ದನಿಯೇ. ಭಾವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಇಂಗ್ಲಿಷರ ಹಡಗುಗಳು ಮುಳುಗಿದವು, ಜನ ಎದ್ದು ನಿಲ್ಲುವ ಹೊತ್ತು ಬಂತು ಎಂದು ಎರಡು ವಾಕ್ಯಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಗಟ್ಟಿಯಾಗಿ ಸಾರಿದರು. ಮೂರನೆಯದಕ್ಕೆ ಬಾಯಿ ತೆರೆದಾಗ ತಾವು ಏನು ಹೇಳುತ್ತಿದ್ದೇವೆಂದು ಗೊತ್ತಾಗಿ ರೇಡಿಯೋ ಆರಿಸಿದರು. ಮುಂದಿನ ಸಾಲಿನಲ್ಲೇ ಹೆಡ್ ಕಾನ್‌ಸ್ಟೇಬಲ್ ಕೂತಿದ್ದ. ಶತ್ರುವಿನ ಪ್ರಸಾರವನ್ನು ಸಾರ್ವಜನಿಕರಿಗೆ ಕೇಳಿಸುವುದೂ ಹರಡುವುದೂ ಯುದ್ಧಕಾಲದ ಕಾನೂನಿನಲ್ಲಿ ಜೈಲಿಗೆ ಹೋಗುವ ಅಪರಾಧ. ಭಾವನನ್ನೂ ರೇಡಿಯೋವನ್ನೂ ಕೃಷ್ಣಗಿರಿಗೆ ಒಯ್ದಿದ್ದರು.

“ಕಡ್ಡಿ ಡೆಲ್ಲಿ ಸಿಕ್ಕೋ ಜಾಗದಾಗೇ ಇತ್ತು ಕಣ್ಲಾ,” ಅಂದಳು ಅಕ್ಕ. “ಇವ್ರು ಅದ್ನ ಮುಟ್ಟೇ ಇರ್ಲಿಲ್ಲ. ಅದ್ಯಾಕ್ಲಾ ಹಂಗ್ ಬತ್ತು?”

ಗೊತ್ತಿಲ್ಲ ಎಂದೆ. ಸುಳ್ಳಲ್ಲ, ಆಗ ನಿಜವಾಗಿ ಗೊತ್ತಿರಲಿಲ್ಲ. ಆದರೆ ಒಂದು ಯೋಚನೆ ಬಿಡಲಿಲ್ಲ. ಕಡ್ಡಿ ಸರಿಯಾದ ಜಾಗದಲ್ಲಿದ್ದು ಬೇರೆ ಸ್ಟೇಷನ್ನು ಬಂದರೆ ಪೊಲೀಸಿನವರು ಏನು ಅಂದುಕೊಳ್ಳುತ್ತಾರೆ? ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದುಕೊಳ್ಳುತ್ತಾರೆ. ಒಳಗೆ ಕೈಯಾಡಿಸಿದವನು ನಾನೊಬ್ಬನೇ.

ಆ ದಿನದಿಂದ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಸಾಕು, ಪೊಲೀಸಿನವನು ಬಂದ ಎಂದು ಕೆಲಸ ಬಿಟ್ಟು ಒಳಗೆ ಸರಿಯುತ್ತಿದ್ದೆ. ನಡುಮಧ್ಯಾಹ್ನವೂ ಶಾಲು ಹೊದ್ದೇ ಬೆಸುಗೆ ಹಾಕುತ್ತಿದ್ದೆ. ದರ್ಜಿ, ಏನಪ್ಪ ಮಲೇರಿಯಾನಾ ಎಂದು ಕೇಳಿದ, ಹೌದು ಎಂದೆ. ಯಾರೂ ಬರಲಿಲ್ಲ. ಅದೇ ಹೆಚ್ಚು ಹೆದರಿಕೆ. ರೇಡಿಯೋ ಯಾರು ರಿಪೇರಿ ಮಾಡಿದರು ಎಂದು ಭಾವನನ್ನು ಕೇಳಿಯೇ ಇರುತ್ತಾರೆ, ಭಾವ ಹೇಳಿಯೇ ಇರುತ್ತಾರೆ, ಮತ್ತೆ ಯಾಕೆ ಬಂದಿಲ್ಲ? ಎಲ್ಲಾ ಗೊತ್ತುಮಾಡಿಕೊಂಡು ಒಂದೇ ಸಲ ಹಿಡಿಯಲು ಕಾಯುತ್ತಿದ್ದಾರೆ ಎಂದು ನನ್ನ ಹೇಡಿ ಬುದ್ಧಿ ಕಥೆ ಕಟ್ಟಿತು.

ಹೆದರಿಕೆಯೇ ನನ್ನನ್ನು ಕೆಲಸಕ್ಕೆ ಕೂರಿಸಿತು. ದಂಡಿನ ಮುದುಕ ಹೇಳಿಕೊಟ್ಟದ್ದನ್ನು ಮೊದಲಿನಿಂದ ಮತ್ತೆ ಮನಸ್ಸಿನಲ್ಲಿ ಓದಿಕೊಂಡೆ. ಸೂಪರ್‌ಹೆಟ್ ಸೆಟ್ಟು ಆಕಾಶದಿಂದ ಬಂದ ಸ್ಟೇಷನ್ನನ್ನು ಇದ್ದ ಹಾಗೆ ದೊಡ್ಡದು ಮಾಡುವುದಿಲ್ಲ. ಸೆಟ್ಟಿನೊಳಗೇ ಆಸಿಲೇಟರ್ ಎಂಬುದು ತನ್ನದೊಂದು ಅಲೆ ಹುಟ್ಟಿಸುತ್ತದೆ. ಬಂದ ಅಲೆಯನ್ನೂ ಈ ಅಲೆಯನ್ನೂ ಒಂದು ವಾಲ್ವಿನಲ್ಲಿ ಬೆರೆಸಿದರೆ ಎರಡರ ಅಂತರದಷ್ಟು ಕಂಪನದ ಮೂರನೆಯದೊಂದು ಹುಟ್ಟುತ್ತದೆ. ಅದೇ ಐ.ಎಫ್., ನಡುವಿನ ಕಂಪನ. ಆ ಸೆಟ್ಟಿನಲ್ಲಿ ಅದು ನಾನೂರ ಅರವತ್ತೈದು ಕಿಲೋಸೈಕಲ್. ಡಯಲ್ ತಿರುಗಿಸಿದಾಗ ಆಸಿಲೇಟರೂ ಜೊತೆಗೇ ತಿರುಗುತ್ತದೆ. ಹಾಗಾಗಿ ಯಾವ ಸ್ಟೇಷನ್ನು ಬೇಕೆಂದರೂ ಕೊನೆಗೆ ಅದೇ ನಾನೂರ ಅರವತ್ತೈದಾಗಿ ಒಳಗೆ ಹೋಗುತ್ತದೆ. ಮುಂದಿನ ಕಾಯಿಲುಗಳನ್ನೆಲ್ಲ ಆ ಒಂದೇ ಅಳತೆಗೆ ಬಿಗಿದು ಕೂರಿಸಿರುವುದರಿಂದ ಪಕ್ಕದ ಸ್ಟೇಷನ್ನು ನುಸುಳದಂತೆ ಅವು ಚೆನ್ನಾಗಿ ಸೋಸುತ್ತವೆ. ಸೆಟ್ಟಿನ ಜಾಣತನವೆಲ್ಲ ಅಲ್ಲಿದೆ.

ಅದರ ಕುರುಡೂ ಅಲ್ಲೇ ಇದೆ. ಆ ಕಾಯಿಲುಗಳು ನೋಡುವುದು ಅಂತರವನ್ನು ಮಾತ್ರ. ಆಸಿಲೇಟರಿಗಿಂತ ನಾನೂರ ಅರವತ್ತೈದು ಕೆಳಗಿರುವ ಸ್ಟೇಷನ್ನಿಗೂ ಅಷ್ಟೇ ಅಂತರ, ನಾನೂರ ಅರವತ್ತೈದು ಮೇಲಿರುವ ಸ್ಟೇಷನ್ನಿಗೂ ಅಷ್ಟೇ ಅಂತರ. ನಮಗೆ ಬೇಕಾದದ್ದು ಕೆಳಗಿನದು. ಮೇಲಿನದು, ಅಂದರೆ ಬೇಕಾದದ್ದಕ್ಕಿಂತ ಒಂಬೈನೂರ ಮೂವತ್ತು ಕಿಲೋಸೈಕಲ್ ಆಚೆ ಇರುವುದು, ಇಮೇಜು. ಒಮ್ಮೆ ಬೆರೆತು ನಾನೂರ ಅರವತ್ತೈದಾದ ಮೇಲೆ ಎರಡನ್ನೂ ಬೇರೆ ಮಾಡಲು ದೇವರಿಂದಲೂ ಆಗುವುದಿಲ್ಲ. ಬೆರೆಯುವ ಮೊದಲೇ ತಡೆಯಬೇಕು. ತಡೆಯಲು ಅಂಥ ಸೆಟ್ಟಿನಲ್ಲಿ ಇರುವುದು ಏರಿಯಲಿನ ಒಂದೇ ಕಾಯಿಲು. ಅದು ಬಾಗಿಲಲ್ಲಿ ಕೂತು, ಬೇಕಾದವನನ್ನು ಒಳಗೆ ಬಿಟ್ಟು ಆಚೆಯವನನ್ನು ಆದಷ್ಟೂ ತಳ್ಳಬೇಕು.

ಮುದುಕ ಇನ್ನೊಂದು ಮಾತು ಹೇಳಿದ್ದ. ಅದು ನೆನಪಾದಾಗ ನಾನು ಕೂತಿದ್ದ ಸ್ಟೂಲಿನಿಂದ ಎದ್ದುಬಿಟ್ಟೆ. ಶಾರ್ಟ್ ವೇವಿನಲ್ಲಿ ಆಸಿಲೇಟರಿನ ತಿರುಪನ್ನು ತಿರುಗಿಸುವಾಗ ಸ್ಟೇಷನ್ನು ಎರಡು ಕಡೆ ಜೋರಾಗಿ ಬರುತ್ತದೆ. ತಿರುಪು ಬಿಗಿಯಾಗಿರುವಾಗ ಒಂದು ಸಲ, ಸಡಿಲವಾಗಿರುವಾಗ ಒಂದು ಸಲ. ಬಿಗಿಯ ಕಡೆಯದರಲ್ಲಿ ಆಸಿಲೇಟರ್ ಸ್ಟೇಷನ್ನಿಗಿಂತ ಕೆಳಗಿರುತ್ತದೆ, ಅದು ತಪ್ಪು. ಸಡಿಲದ ಕಡೆಯದರಲ್ಲಿ ಮೇಲಿರುತ್ತದೆ, ಅದೇ ಸರಿ. ನಾನು ಬಿಗಿಯಿಂದ ಶುರುಮಾಡಿ ಮೊದಲು ಸಿಕ್ಕಿದ್ದರಲ್ಲೇ ನಿಂತಿದ್ದೆ. ಡಯಲಿನ ಆ ತುದಿಯಲ್ಲಿ ಎಲ್ಲಾ ಸರಿಯಾಗಿಯೇ ಕೇಳಿಸಿತ್ತು. ಆದರೆ ನಡುಭಾಗಕ್ಕೆ ಬಂದರೆ ಆಸಿಲೇಟರಿಗೂ ಏರಿಯಲ್ ಕಾಯಿಲಿಗೂ ಇರಬೇಕಾದ ಅಂತರ ತಪ್ಪಿಹೋಗುತ್ತದೆ. ಬಾಗಿಲು ಕಾಯುವವನು ಡೆಲ್ಲಿಯ ಮುಂದೆ ಕೂರುವ ಬದಲು ಡೆಲ್ಲಿಗೂ ಇಮೇಜಿಗೂ ನಡುವೆ ಎಲ್ಲೋ ಕೂತುಬಿಟ್ಟಿದ್ದ. ಡೆಲ್ಲಿ ಸೊರಗಿದ ಗಳಿಗೆಯಲ್ಲಿ ಇನ್ನೊಬ್ಬ ಸಲೀಸಾಗಿ ಒಳಗೆ ಬಂದಿದ್ದ. ರಿಪೇರಿಯಾದ ಮೇಲೆ ಡೆಲ್ಲಿ ಡಯಲಿನಲ್ಲಿ ಒಂದು ಬೆರಳು ಪಕ್ಕಕ್ಕೆ ಸರಿದಿದೆ ಎಂದು ಭಾವ ಹೇಳಿಯೂ ಇದ್ದರು. ಶಾರ್ಟ್ ವೇವ್ ಡಯಲು ಅಂದಾಜು ಮಾತ್ರ ಎಂದು ನಾನು ಅವರಿಗೇ ಪಾಠ ಮಾಡಿದ್ದೆ.

ಅಂಗಡಿಯಲ್ಲಿದ್ದ ಇನ್ನೊಂದು ಸೆಟ್ಟಿನಲ್ಲಿ ಅದೇ ತಪ್ಪನ್ನು ಬೇಕೆಂದೇ ಮಾಡಿ, ಸಂಜೆ ಬಾಗಿಲು ಹಾಕಿಕೊಂಡು, ಕಿವಿಯನ್ನು ಸ್ಪೀಕರಿಗೆ ಒತ್ತಿ ಕೇಳಿದೆ. ವಾರ್ತೆಯ ಕಾಲು ಗಂಟೆ ಕಳೆದ ಮೇಲೆ ಡೆಲ್ಲಿಯ ಬೆನ್ನ ಹಿಂದೆ ಆ ಶತ್ರುವಿನ ದನಿಯವನು ಬಂದ. ಎರಡು ದನಿ, ಒಂದೇ ಜಾಗ. ಕಾರಣ ಗೊತ್ತಾದ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಯಾಕೆಂದರೆ ಈಗ ಬಾಯಿ ಬಿಡಬೇಕಿತ್ತು. ಬಿಟ್ಟರೆ ನಂಬುವವರು ಯಾರು? ಶತ್ರುವಿನ ಸ್ಟೇಷನ್ನು ಬರುವ ಹಾಗೆ ಸರ್ಕಾರಿ ವಾರ್ತೆಯ ಸೆಟ್ಟನ್ನು ತಿರುಚಿದವನು ನಾನೇ ಎಂದು ನಾನೇ ಹೋಗಿ ಹೇಳಿದ ಹಾಗೆ. ಬಿಡದಿದ್ದರೆ ಭಾವ ಜೈಲಿಗೆ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ನಾನು ನಾಲ್ಕು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಮ್ಮನಿದ್ದದ್ದು ನಿಜ. ಒಂಬತ್ತನೆಯ ದಿನ ಅಕ್ಕ ಮತ್ತೆ ಬಂದಳು. ಸೆಟ್ಟನ್ನು ನೋಡಲು ಬೆಂಗಳೂರಿನಿಂದ ಮಿಲಿಟರಿ ವೈರ್‌ಲೆಸ್ಸಿನ ಆಫೀಸರ್ ಇವತ್ತೇ ಕೃಷ್ಣಗಿರಿಗೆ ಬರುತ್ತಾರಂತೆ, ಅವರು ಬರೆದುಕೊಟ್ಟ ಹಾಗೆ ಆಗುತ್ತದಂತೆ ಎಂದಳು. ನಾನು ಬಿದಿರಿನ ಸಲಾಕೆಯನ್ನು ಜೇಬಿಗೆ ಹಾಕಿಕೊಂಡು ಅವಳ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇಳಿದುಬಿಡೋಣ ಇಳಿದುಬಿಡೋಣ ಎನಿಸುತ್ತಿತ್ತು. ಸೂಳಗಿರಿಯಲ್ಲಿ ಬಸ್ಸು ಇದ್ದಿಲು ತುಂಬಿಸಿಕೊಳ್ಳಲು ನಿಂತಾಗ ಅಕ್ಕ ನನ್ನ ತೋಳು ಹಿಡಿದುಕೊಂಡೇ ಕೂತಿದ್ದಳು.

ಕೃಷ್ಣಗಿರಿಯ ಪೊಲೀಸ್ ಠಾಣೆಯ ಹಿಂದಿನ ಕೋಣೆಯಲ್ಲಿ ಸೆಟ್ಟು ಮೇಜಿನ ಮೇಲಿತ್ತು, ಹಿಂಬದಿಯ ಹಲಗೆ ಬಿಚ್ಚಿತ್ತು. ಏರಿಯಲ್ ತಂತಿಯನ್ನು ಹೊರಗಿನ ಹುಣಸೆಮರಕ್ಕೆ ಕಟ್ಟಿದ್ದರು. ಇನ್‌ಸ್ಪೆಕ್ಟರು ತಮಿಳಿನವರು. ಆಫೀಸರು ಕನ್ನಡಕ ಹಾಕಿದ ತೆಳ್ಳನೆಯ ಮನುಷ್ಯ, ಮಾತೆಲ್ಲ ಇಂಗ್ಲಿಷ್. ಭಾವ ಗೋಡೆಯ ಹತ್ತಿರ ನಿಂತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿದ ಕೂಡಲೆ ಅವರ ಮುಖ ಕಪ್ಪಾಯಿತು, ಬೇಡ ಎನ್ನುವ ಹಾಗೆ ತಲೆಯಾಡಿಸಿದರು. ನನಗೆ ಅರ್ಥವಾಗಲಿಲ್ಲ.

ಈ ಸೆಟ್ಟು ರಿಪೇರಿ ಮಾಡಿದವನು ನಾನು ಎಂದು ಇನ್‌ಸ್ಪೆಕ್ಟರಿಗೆ ತಮಿಳಿನಲ್ಲಿ ಹೇಳಿದೆ. ಇನ್‌ಸ್ಪೆಕ್ಟರು ಮೇಜಿನ ಮೇಲಿದ್ದ ಒಂದು ಕಾಗದ ಎತ್ತಿ ಓದಿದರು. ಭಾವನ ಹೇಳಿಕೆ, ಕೆಳಗೆ ಭಾವನ ಸಹಿ. ಈ ಯಂತ್ರವನ್ನು ಕೊಂಡ ದಿನದಿಂದ ಯಾರೂ ಬಿಚ್ಚಿಲ್ಲ, ಯಾರಿಗೂ ರಿಪೇರಿಗೆ ಕೊಟ್ಟಿಲ್ಲ ಎಂದು ಅದರಲ್ಲಿತ್ತು. ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎಂದು ಕೇಳಿದರು.

ಒಂಬತ್ತು ದಿನ ಯಾಕೆ ಯಾರೂ ಬರಲಿಲ್ಲ ಎನ್ನುವುದು ಆಗ ತಿಳಿಯಿತು. ನಾನು ನಿಜ ಹೇಳಿದರೆ ಭಾವ ಪೊಲೀಸಿಗೆ ಸುಳ್ಳು ಬರೆದುಕೊಟ್ಟವರಾಗುತ್ತಾರೆ. ಹಿಂದೆ ಸರಿಯೋಣವೆಂದರೆ ಮಾತು ಆಡಿಯಾಗಿತ್ತು. ಅಷ್ಟರಲ್ಲಿ ಆಫೀಸರು ಸೆಟ್ಟಿನೊಳಗೆ ಬೆರಳು ತೋರಿಸಿದರು. ಎರಡು ತಿರುಪುಗಳ ಮೇಲೆ ನನ್ನ ಕೆಂಪು ಅರಗು ಹೊಸದಾಗಿ ಹೊಳೆಯುತ್ತಿತ್ತು. ಯಾರೋ ಬಿಚ್ಚಿದ್ದಾರೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಯಾಕೆ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ತೋರಿಸುತ್ತೇನೆ ಎಂದೆ. ವಾರ್ತೆಯ ಹೊತ್ತಾಗಿತ್ತು. ಡೆಲ್ಲಿ ಬಂತು. ಎಲ್ಲರೂ ಕಾದೆವು. ಕಾಲು ಗಂಟೆಯಾಯಿತು, ಅವನು ಬರಲಿಲ್ಲ. ಆಕಾಶ ಕೈಕೊಟ್ಟಿತೋ ಅವರ ಕಡೆ ಏನಾಯಿತೋ, ನನ್ನ ಭಾವನನ್ನು ಜೈಲಿಗೆ ಹಾಕಿಸಿದ ಆ ದನಿ ಬೇಕಾದಾಗ ಸತ್ತುಹೋಗಿತ್ತು. ಇನ್‌ಸ್ಪೆಕ್ಟರು ನನ್ನನ್ನೇ ನೋಡುತ್ತಿದ್ದರು. ಬೆವರು ಕಣ್ಣಿಗೆ ಇಳಿದು ಡಯಲು ಮಸುಕಾಯಿತು. ಈ ಮನುಷ್ಯ ಈಗ ಬೇಡಿ ತರಿಸುತ್ತಾನೆ ಎಂದುಕೊಂಡೆ.

ಆಗ ಹೊಳೆಯಿತು. ಅವನು ಯಾಕೆ ಬೇಕು? ಒಂದು ಜಾಗದಲ್ಲಿ ಎರಡು ಸ್ಟೇಷನ್ನು ಬರುವುದಾದರೆ ಒಂದು ಸ್ಟೇಷನ್ನು ಎರಡು ಜಾಗದಲ್ಲಿ ಬರಲೇಬೇಕು. ಆಸಿಲೇಟರ್ ಡೆಲ್ಲಿಯಿಂದ ನಾನೂರ ಅರವತ್ತೈದು ಆಚೆ ನಿಂತರೂ ಡೆಲ್ಲಿ ಕೇಳಬೇಕು, ಈಚೆ ನಿಂತರೂ ಕೇಳಬೇಕು. ಕಡ್ಡಿಯನ್ನು ಮೆಲ್ಲಗೆ ಕೆಳಗೆ ಜಾರಿಸಿದೆ. ಡೆಲ್ಲಿ ಹೋಯಿತು, ಸ್ವಲ್ಪ ದೂರ ಬರೀ ಸದ್ದು, ಆಮೇಲೆ ಮತ್ತೆ ಡೆಲ್ಲಿ. ಅದೇ ಮನುಷ್ಯ, ಅದೇ ವಾರ್ತೆ, ಹೆಚ್ಚುಕಡಿಮೆ ಅಷ್ಟೇ ಜೋರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮೂರು ಸಲ ಓಡಾಡಿಸಿದೆ. ಆಮೇಲೆ ಕಡ್ಡಿಯನ್ನು ರಿಪೇರಿಗೆ ಮೊದಲು ಡೆಲ್ಲಿ ಬರುತ್ತಿದ್ದ ಹಳೆಯ ಜಾಗದಲ್ಲಿಟ್ಟು, ಅರಗು ಕಿತ್ತು, ತಿರುಪನ್ನು ಸಡಿಲ ಮಾಡುತ್ತಾ ಹೋದೆ. ಡೆಲ್ಲಿ ತನ್ನ ಮನೆಗೆ ಬಂತು. ಏರಿಯಲಿನ ತಿರುಪು ಹೊಂದಿಸಿದಾಗ ಗೋಡೆ ಅದುರುವಷ್ಟು ಜೋರಾಯಿತು. ಕೆಳಗಿನ ಜಾಗಕ್ಕೆ ಹೋಗಿ ನೋಡಿದರೆ ಪಿಸುಮಾತು. ಪೂರ್ತಿ ಸಾಯಲಿಲ್ಲ. ಒಂದೇ ಕಾಯಿಲಿನ ಸೆಟ್ಟಿನಲ್ಲಿ, ಶಾರ್ಟ್ ವೇವಿನಲ್ಲಿ, ಸಾಯುವುದೂ ಇಲ್ಲ. ಬೆರೆಯುವ ಮೊದಲು ಇನ್ನೊಂದು ಕಾಯಿಲು ಇದ್ದರೆ, ಇಲ್ಲವೇ ಐ.ಎಫ್. ಇನ್ನೂ ದೊಡ್ಡದಿದ್ದು ಇಮೇಜು ದೂರ ಹೋದರೆ ಸಾಯುತ್ತದೆ. ನನ್ನ ಹರಕು ಇಂಗ್ಲಿಷಿನಲ್ಲಿ ಅದನ್ನು ಹೇಳಲು ಹೊರಟೆ. ಆಫೀಸರು ಕೈಯೆತ್ತಿ ನಿಲ್ಲಿಸಿ ಒಂದೇ ಮಾತು ಕೇಳಿದರು: ಎಲ್ಲಿಂದ ಶುರುಮಾಡಿದೆ, ಬಿಗಿಯಿಂದಲೋ ಸಡಿಲದಿಂದಲೋ?

ಬಿಗಿಯಿಂದ, ಮೊದಲು ಸಿಕ್ಕಿದ್ದರಲ್ಲೇ ನಿಂತೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಕೆಂದು ಮಾಡುವವನು ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು. ನನ್ನ ಕಸುಬಿಗೆ ಅಷ್ಟು ದೊಡ್ಡ ಬೈಗುಳ ಆ ಮೇಲೆ ಯಾರೂ ಬೈದಿಲ್ಲ. ಅಷ್ಟು ಹಿತವಾದ ಮಾತನ್ನೂ ಯಾರೂ ಆಡಿಲ್ಲ.

ಆಫೀಸರು ಬರೆದದ್ದು ಅರ್ಧ ಪುಟ. ಮೆಕ್ಯಾನಿಕ್ಕಿನ ಅಜ್ಞಾನದಿಂದ ಆದ ದೋಷ ಎಂದು ಅದರ ಸಾರ. ಇನ್‌ಸ್ಪೆಕ್ಟರು ಭಾವನ ಹಳೆಯ ಹೇಳಿಕೆಯನ್ನು ಪಕ್ಕಕ್ಕೆ ತಳ್ಳಿದರು. ಮೇಷ್ಟ್ರಾಗಿ ಹೀಗೆ ಬರೆದುಕೊಡಬಹುದಾ ಎಂದು ಬೈದು, ಹೊಸದಾಗಿ ಇನ್ನೊಂದು ಬರೆಸಿಕೊಂಡರು. ರೇಡಿಯೋ ಅವರಲ್ಲೇ ಉಳಿಯಿತು, ಲೈಸೆನ್ಸು ರದ್ದಾಯಿತು, ಯುದ್ಧ ಮುಗಿಯುವವರೆಗೆ ನಾನು ಸೋಮವಾರ ಸೋಮವಾರ ಹೊಸೂರಿನ ಠಾಣೆಗೆ ಹೋಗಿ ಸಹಿ ಹಾಕಬೇಕೆಂದು ಹೇಳಿದರು. ಮಾರನೆಯ ಬೆಳಿಗ್ಗೆ ಭಾವನನ್ನು ಬಿಟ್ಟರು.

ಬಸ್ಸಿಗೆ ಕಾಯುತ್ತಾ ಒಂದು ಕಾಫಿ ಹೋಟೆಲಿನ ಮುಂದೆ ನಿಂತೆವು. ಅಕ್ಕ ಒಳಗೆ ನೀರು ಕೇಳಲು ಹೋದಳು. ನಾನು ನಾಲ್ಕು ದಿನ ಗೊತ್ತಿದ್ದೂ ಸುಮ್ಮನಿದ್ದದ್ದನ್ನು ಭಾವನಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು.

“ನೀನು ಬೇಕೂಂತ್ಲೇ ಮಾಡಿದ್ದೀಯ ಅಂದ್ಕೊಂಡಿದ್ದೆ ಕಣ್ಲಾ,” ಅಂದರು. “ಊಟಕ್ಕೆ ಕೂತಾಗ್ಲೆಲ್ಲ ಹೇಳ್ತಿದ್ಯಲ್ಲ, ಆ ಕಡೇರ ಮಾತೂ ಜನ ಕೇಳ್ಬೇಕು ಅಂತ. ಅದ್ಕೇ ನನ್ ಸೆಟ್ಟಿಗೇ ಕೈ ಹಾಕ್ಬುಟ್ಟೆ ಅಂದ್ಕೊಂಡೆ.”

ಬೇಕೆಂದೇ ಮಾಡಿದೆ ಅಂದುಕೊಂಡಿದ್ದರೆ ಯಾರೂ ಬಿಚ್ಚಿಲ್ಲ ಎಂದು ಯಾಕೆ ಬರೆದುಕೊಟ್ಟಿರಿ ಎಂದು ಕೇಳಿದೆ.

“ಮತ್ತಿನ್ನೇನು ಬರ್ಕೊಡಾದು?” ಅಂದರು ಭಾವ. “ನಿನ್ನ ಹೆಸ್ರು ಬರ್ಕೊಟ್ಟು ನಿಮ್ಮಕ್ಕನ್ ಮುಖ ಹೆಂಗ್ಲಾ ನೋಡ್ಲಿ?”

ಒಂಬತ್ತು ದಿನವೂ ನಾನು ನನ್ನ ಹೆದರಿಕೆಯನ್ನೇ ತಬ್ಬಿಕೊಂಡು ಕೂತಿದ್ದೆ. ಆ ಮನುಷ್ಯ ಕಂಬಿಯ ಹಿಂದೆ, ತನ್ನನ್ನು ಅಲ್ಲಿಗೆ ತಳ್ಳಿದವನು ನಾನೇ ಎಂದು ನಂಬಿಕೊಂಡು, ನನ್ನ ಹೆಸರನ್ನು ಬಾಯಲ್ಲಿ ಬಿಗಿ ಹಿಡಿದಿದ್ದರು. ನಾನು ಹೋಟೆಲಿನ ಗೋಡೆಗೆ ಮುಖ ಮಾಡಿ ಅತ್ತೆ. ಅಕ್ಕ ನೀರು ತಂದವಳು ಏನಾಯಿತು ಎಂದು ಕೇಳಿದಳು. ಏನೂ ಇಲ್ಲ, ಹೆದರಿಕೊಂಡಿದ್ದಾನೆ ಎಂದು ಭಾವ ಹೇಳಿದರು.